ಆಲ್ಕೋಹಾಲಿನಿಂದ ಆಲ್ಕೀನ್: ಆಮ್ಲ, ತಾಪಮಾನ ಮತ್ತು ನಡುವೆ ಬರುವ ಈಥರ್ (ಪದೇ ಪದೇ ಕೇಳುವ ಪ್ರಶ್ನೆಗಳು)

ಆಲ್ಕೋಹಾಲಿಗೆ ಆಮ್ಲ ಸೇರಿಸಿ ಕಾಯಿಸಿದರೆ ನೀರು ಹೊರಟುಹೋಗಿ ಆಲ್ಕೀನ್ ಸಿಗುತ್ತದೆ ಎಂಬ ಒಂದು ಸಾಲು ಎಲ್ಲರಿಗೂ ಗೊತ್ತು. ತೊಂದರೆ ಶುರುವಾಗುವುದು ಆ ಸಾಲಿನ ನಂತರ: ಕೆಲವೊಮ್ಮೆ ಆಲ್ಕೀನ್ ಬದಲು ಈಥರ್ ಬರುತ್ತದೆ, ಒಂದು ಆಲ್ಕೋಹಾಲ್ ಸುಲಭವಾಗಿ ಒಲಿದರೆ ಇನ್ನೊಂದು ಹಟ ಹಿಡಿಯುತ್ತದೆ, ಫ್ಲಾಸ್ಕ್ ಕಪ್ಪಾಗುತ್ತದೆ. ಇಲ್ಲಿನ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಆ ತೊಂದರೆಗಳ ಸುತ್ತಲಿನವು. ತಾಪಮಾನಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.

ಒಂದೇ ಎಥನಾಲ್, ಒಂದೇ ಸಲ್ಫ್ಯೂರಿಕ್ ಆಮ್ಲ. 140 ಡಿಗ್ರಿಯಲ್ಲಿ ಈಥರ್, 170 ಡಿಗ್ರಿಯಲ್ಲಿ ಎಥೀನ್. ಈ 30 ಡಿಗ್ರಿಯಲ್ಲಿ ಬದಲಾಗುವುದಾದರೂ ಏನು?

ಎರಡೂ ಕ್ರಿಯೆಗಳ ಮೊದಲ ಹೆಜ್ಜೆ ಒಂದೇ. ಆಮ್ಲದ ಪ್ರೋಟಾನ್ ಎಥನಾಲಿನ ಆಮ್ಲಜನಕಕ್ಕೆ ಸೇರಿ CH3CH2OH2+ ಎಂಬ ಅಯಾನು ಉಂಟಾಗುತ್ತದೆ. ಇದರ ಕಾರ್ಬನ್ನಿಗೆ ಅಂಟಿಕೊಂಡಿರುವುದು ಈಗ OH ಅಲ್ಲ, ಹೊರಡಲು ಸಿದ್ಧವಾಗಿರುವ ನೀರಿನ ಅಣು. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಪಕ್ಕದಲ್ಲಿರುವ ಇನ್ನೊಂದು ಎಥನಾಲ್ ಅಣು ತನ್ನ ಆಮ್ಲಜನಕದ ಎಲೆಕ್ಟ್ರಾನ್ ಜೋಡಿಯೊಂದಿಗೆ ಬಂದು ಅದೇ ಕಾರ್ಬನ್ನಿಗೆ ಬಂಧ ಕಟ್ಟಿಕೊಂಡು ನೀರನ್ನು ಹೊರದೂಡಿದರೆ ಈಥರ್ ಸಿಗುತ್ತದೆ. ಹಾಗೆ ಬಂದ ಅಣು ಕಾರ್ಬನ್ನನ್ನು ಮುಟ್ಟದೆ, ಅದರ ನೆರೆಯ ಕಾರ್ಬನ್ನಿನಿಂದ ಒಂದು ಹೈಡ್ರೋಜನನ್ನು ಪ್ರೋಟಾನಾಗಿ ಕಿತ್ತುಕೊಂಡರೆ, ಉಳಿದ ಎಲೆಕ್ಟ್ರಾನ್ ಜೋಡಿ ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧವಾಗಿ ನಿಲ್ಲುತ್ತದೆ, ನೀರು ಹೊರಡುತ್ತದೆ, ಎಥೀನ್ ಸಿಗುತ್ತದೆ.

ಎರಡನೆಯ ದಾರಿಗೆ ಹೆಚ್ಚು ಶಕ್ತಿ ಬೇಕು, ಏಕೆಂದರೆ ಅಲ್ಲಿ ಒಂದೇ ಹೊತ್ತಿಗೆ ಎರಡು ಬಂಧಗಳು ಮುರಿಯಬೇಕು. ಹೆಚ್ಚು ಶಕ್ತಿ ಬೇಡುವ ಕ್ರಿಯೆಯ ವೇಗ ತಾಪಮಾನ ಏರಿದಂತೆ ಇನ್ನೊಂದಕ್ಕಿಂತ ಬೇಗ ಏರುತ್ತದೆ. ಇದು ವೇಗದ ಮಾತು.

ಸಮತೋಲನದ ಲೆಕ್ಕವೂ ಅದೇ ಕಡೆಗೆ ವಾಲುತ್ತದೆ. ಎಲ್ಲವನ್ನೂ ಅನಿಲ ಸ್ಥಿತಿಯಲ್ಲಿ ಲೆಕ್ಕ ಹಾಕಿದರೆ, ಒಂದು ಮೋಲ್ ಎಥನಾಲ್ ಎಥೀನ್ ಮತ್ತು ನೀರಾಗಲು ಸುಮಾರು 45 ಕಿಲೋಜೂಲ್ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಎರಡು ಮೋಲ್ ಎಥನಾಲ್ ಸೇರಿ ಈಥರ್ ಮತ್ತು ನೀರಾಗುವಾಗ ಸುಮಾರು 24 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಹಾಗಿದ್ದೂ ಎಥೀನ್ ಗೆಲ್ಲುವುದು ಎಂಟ್ರೋಪಿಯ ಬಲದಿಂದ. ಎಥೀನ್ ಆಗುವಾಗ ಒಂದು ಅಣು ಎರಡಾಗುತ್ತದೆ. ಈಥರ್ ಆಗುವಾಗ ಎರಡು ಅಣುಗಳು ಎರಡಾಗಿಯೇ ಉಳಿಯುತ್ತವೆ. ಅಣುಗಳ ಸಂಖ್ಯೆ ಹೆಚ್ಚುವ ಕ್ರಿಯೆಗೆ ತಾಪಮಾನ ಏರಿದಷ್ಟೂ ಅನುಕೂಲ.

ಹಾಗಾದರೆ 139 ಡಿಗ್ರಿಯಲ್ಲಿ ಬರೀ ಈಥರ್, 171ರಲ್ಲಿ ಬರೀ ಎಥೀನ್ ಎಂದು ತಿಳಿಯಬಹುದೇ?

ಬೇಡ. ಈ ಎರಡು ಅಂಕಿಗಳು ಪರೀಕ್ಷೆಯ ಉತ್ತರಗಳಲ್ಲಿ ಗೋಡೆಗಳಂತೆ ನಿಂತುಬಿಟ್ಟಿವೆ. ನಿಜದಲ್ಲಿ ನಡುವಿನ ತಾಪಮಾನದಲ್ಲಿ ಎರಡೂ ಬರುತ್ತವೆ, ಪಾಲು ಮಾತ್ರ ಬದಲಾಗುತ್ತಾ ಹೋಗುತ್ತದೆ.

ತಾಪಮಾನದಷ್ಟೇ ಮುಖ್ಯವಾದ, ಆದರೆ ಹೆಚ್ಚಿನವರು ಮರೆಯುವ ಸಂಗತಿ ಆಮ್ಲ ಮತ್ತು ಆಲ್ಕೋಹಾಲಿನ ಪ್ರಮಾಣ. ಈಥರ್ ಆಗಬೇಕಾದರೆ ಪ್ರೋಟಾನ್ ಹಿಡಿಯದ ಆಲ್ಕೋಹಾಲ್ ಅಣು ಹತ್ತಿರದಲ್ಲಿ ಬಿಡುವಾಗಿರಬೇಕು. ಅದಕ್ಕಾಗಿಯೇ ಈಥರ್ ತಯಾರಿಸುವವರು ಬಿಸಿ ಮಿಶ್ರಣಕ್ಕೆ ಎಥನಾಲನ್ನು ಹನಿಹನಿಯಾಗಿ ಸೇರಿಸುತ್ತಲೇ ಇರುತ್ತಾರೆ; ಆಲ್ಕೋಹಾಲಿಗೆ ಅಲ್ಲಿ ಎಂದೂ ಬರವಿಲ್ಲ. ಎಥೀನ್ ಬೇಕಾದವರು ತದ್ವಿರುದ್ಧವಾಗಿ ಆಮ್ಲವನ್ನೇ ಹೆಚ್ಚಾಗಿ ಇಡುತ್ತಾರೆ, ಒಂದು ಭಾಗ ಆಲ್ಕೋಹಾಲಿಗೆ ಎರಡು ಭಾಗ ಸಾರೀಕೃತ ಆಮ್ಲದಂತೆ. ಆಗ ಬಿಡುವಾಗಿರುವ ಎಥನಾಲ್ ಬಹಳ ಕಡಿಮೆ. ತಾಪಮಾಪಕವನ್ನು ಮಾತ್ರ ನೋಡುತ್ತಾ ಪ್ರಮಾಣವನ್ನು ಕಡೆಗಣಿಸಿದರೆ 170 ಡಿಗ್ರಿಯಲ್ಲೂ ಈಥರ್ ವಾಸನೆ ಬರುತ್ತದೆ.

ಸಲ್ಫ್ಯೂರಿಕ್ ಆಮ್ಲ ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಕ್ರಿಯೆ ನಡೆಯುತ್ತದೆ ಎಂದು ಕಲಿತಿದ್ದೇನೆ. ಸರಿಯೇ?

ಅರ್ಧ ಸರಿ, ಮತ್ತು ಆ ಅರ್ಧ ಮುಖ್ಯವಾದ ಅರ್ಧವಲ್ಲ. ಸಾರೀಕೃತ ಸಲ್ಫ್ಯೂರಿಕ್ ಆಮ್ಲ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನಿಜ, ಅದರಿಂದ ಸಮತೋಲನ ಮುಂದಕ್ಕೆ ಜರುಗಲು ಸಹಾಯವಾಗುವುದೂ ನಿಜ. ಆದರೆ ಆಮ್ಲದ ಮೂಲ ಕೆಲಸ OH ಗುಂಪನ್ನು ನೀರನ್ನಾಗಿ ಮಾರ್ಪಡಿಸುವುದು. ಹೈಡ್ರಾಕ್ಸೈಡ್ ಅಯಾನು ಪ್ರಬಲ ಪ್ರತ್ಯಾಮ್ಲ. ಅದು ಕಾರ್ಬನ್ನನ್ನು ಬಿಟ್ಟು ತಾನಾಗಿ ಹೊರಡುವುದಿಲ್ಲ. ಪ್ರೋಟಾನ್ ಪಡೆದ ಮೇಲೆ ಹೊರಡುವುದು ತಟಸ್ಥವಾದ ನೀರು, ಅದಕ್ಕೆ ಅಂಥ ಹಿಂಜರಿಕೆಯಿಲ್ಲ.

ಈ ತಪ್ಪು ಕಲ್ಪನೆ ಹಳೆಯದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ರಸಾಯನಶಾಸ್ತ್ರಜ್ಞರನ್ನು ಗೊಂದಲಕ್ಕೆ ದೂಡಿದ ಸಂಗತಿ ಏನೆಂದರೆ, ಈಥರ್ ತಯಾರಾಗುವಾಗ ಅದರ ಜೊತೆಗೆ ನೀರೂ ಬಟ್ಟಿ ಇಳಿದು ಬರುತ್ತಿತ್ತು. ನೀರನ್ನು ಕಸಿದುಕೊಳ್ಳುವುದೇ ಆಮ್ಲದ ಕೆಲಸವಾಗಿದ್ದರೆ ಆ ನೀರು ಹೊರಗೆ ಬರುವುದೇಕೆ? 1850ರಲ್ಲಿ ಅಲೆಕ್ಸಾಂಡರ್ ವಿಲಿಯಮ್ಸನ್ ಇದನ್ನು ಬಿಡಿಸಿದರು. ಆಮ್ಲ ಮೊದಲು ಒಂದು ಎಥನಾಲ್ ಅಣುವಿನೊಂದಿಗೆ ಸೇರಿ ಎಥಿಲ್ ಹೈಡ್ರೋಜನ್ ಸಲ್ಫೇಟ್ ಆಗುತ್ತದೆ, ಅದು ಎರಡನೆಯ ಎಥನಾಲ್ ಅಣುವಿನೊಂದಿಗೆ ವರ್ತಿಸಿ ಈಥರ್ ಕೊಟ್ಟು ಆಮ್ಲವನ್ನು ಮರಳಿಸುತ್ತದೆ ಎಂಬುದು ಅವರ ವಿವರಣೆ. ಆಮ್ಲ ಖರ್ಚಾಗದೆ ಚಕ್ರದಂತೆ ತಿರುಗಿ ಬರುತ್ತದೆ. ಅದು ವೇಗವರ್ಧಕ ಎನ್ನುವುದರ ಅರ್ಥ ಇದೇ.

ಪ್ರಾಥಮಿಕ, ದ್ವಿತೀಯಕ, ತೃತೀಯಕ ಆಲ್ಕೋಹಾಲ್‌ಗಳ ನಡುವೆ ವ್ಯತ್ಯಾಸ ನಿಜವಾಗಿ ಎಷ್ಟು ದೊಡ್ಡದು?

ಮೂರಕ್ಕೂ ಬೇಕಾಗುವ ಪರಿಸ್ಥಿತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು. ತೃತೀಯಕವಾದ 2-ಮೀಥೈಲ್‌ಪ್ರೊಪಾನ್-2-ಆಲ್ ಶೇಕಡ 20ರ ದುರ್ಬಲ ಫಾಸ್ಫಾರಿಕ್ ಆಮ್ಲದಲ್ಲಿ ಸುಮಾರು 85 ಡಿಗ್ರಿಗೇ ನೀರು ಬಿಟ್ಟುಕೊಡುತ್ತದೆ. ದ್ವಿತೀಯಕವಾದ ಪ್ರೊಪಾನ್-2-ಆಲ್‌ಗೆ ಶೇಕಡ 85ರ ಫಾಸ್ಫಾರಿಕ್ ಆಮ್ಲವೂ 167 ಡಿಗ್ರಿಯ ಆಸುಪಾಸಿನ ತಾಪಮಾನವೂ ಬೇಕು. ಪ್ರಾಥಮಿಕವಾದ ಎಥನಾಲ್ ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಮತ್ತು 170 ಡಿಗ್ರಿ ಇಲ್ಲದೆ ಮಣಿಯುವುದಿಲ್ಲ. ಕೊನೆಯ ಎರಡರ ತಾಪಮಾನ ಹತ್ತಿರವಿದೆ ಎಂದು ಅವು ಸಮಾನವೆಂದು ಭಾವಿಸಬಾರದು; ಆಮ್ಲದ ಬಲದಲ್ಲಿರುವ ಅಂತರವನ್ನು ಸೇರಿಸಿ ನೋಡಬೇಕು.

ಕಾರಣ ನೀರು ಹೊರಡುವ ಹೆಜ್ಜೆಯಲ್ಲಿದೆ. ತೃತೀಯಕ ಮತ್ತು ದ್ವಿತೀಯಕ ಆಲ್ಕೋಹಾಲ್‌ಗಳಲ್ಲಿ ನೀರು ಮೊದಲು ಹೊರಟು, ಧನ ಆವೇಶ ಹೊತ್ತ ಕಾರ್ಬನ್, ಅಂದರೆ ಕಾರ್ಬೊಕ್ಯಾಟಯಾನ್, ಹಿಂದೆ ಉಳಿಯುತ್ತದೆ. ಇಡೀ ಕ್ರಿಯೆಯಲ್ಲಿ ಅತ್ಯಂತ ನಿಧಾನವಾದ ಹೆಜ್ಜೆ ಇದು. ಒಟ್ಟು ವೇಗವನ್ನು ನಿರ್ಧರಿಸುವುದೂ ಇದೇ. ಆ ಕಾರ್ಬನ್ನಿನ ಸುತ್ತ ಆಲ್ಕೈಲ್ ಗುಂಪುಗಳು ಹೆಚ್ಚಿದ್ದಷ್ಟೂ ಅವು ಎಲೆಕ್ಟ್ರಾನ್ ಸಾಂದ್ರತೆಯನ್ನು ಅದರ ಕಡೆಗೆ ನೀಡಿ ಆವೇಶವನ್ನು ಹಂಚಿಕೊಳ್ಳುತ್ತವೆ. ತೃತೀಯಕದಲ್ಲಿ ಅಂಥ ಮೂರು ಗುಂಪುಗಳಿವೆ, ದ್ವಿತೀಯಕದಲ್ಲಿ ಎರಡು.

ಪ್ರಾಥಮಿಕ ಆಲ್ಕೋಹಾಲಿನಲ್ಲಿ CH3CH2+ ಬರೆದು ಮುಂದುವರಿಯಬಹುದೇ? ಅನೇಕ ಟಿಪ್ಪಣಿಗಳಲ್ಲಿ ಹಾಗೆಯೇ ಇದೆ.

ಇದೆ, ಅಂಕವೂ ಸಿಗುತ್ತದೆ. ಆದರೂ ದ್ರಾವಣದಲ್ಲಿ ಸ್ವತಂತ್ರ ಪ್ರಾಥಮಿಕ ಕಾರ್ಬೊಕ್ಯಾಟಯಾನ್ ನಿಲ್ಲುವಷ್ಟು ಸ್ಥಿರವಲ್ಲ. ಎಥನಾಲಿನಲ್ಲಿ ನೀರು ಹೊರಡುವುದೂ ಹೈಡ್ರೋಜನ್ ಕಳಚುವುದೂ ಒಟ್ಟಿಗೇ, ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ ಎಂದು ಬರೆಯುವುದು ಹೆಚ್ಚು ಪ್ರಾಮಾಣಿಕ. ಮೊದಲ ಉತ್ತರದಲ್ಲಿ ನಾನು ಹಾಗೆಯೇ ವಿವರಿಸಿದ್ದೇನೆ. ಹೀಗೆ ಬರೆಯುವುದರಿಂದ ಒಂದು ಲಾಭವೂ ಇದೆ: ಪ್ರಾಥಮಿಕ ಆಲ್ಕೋಹಾಲ್‌ಗಳಲ್ಲೇ ಈಥರ್ ಚೆನ್ನಾಗಿ ಆಗುವುದೇಕೆ ಎಂಬುದು ತಾನಾಗಿ ತಿಳಿಯುತ್ತದೆ. ಅಲ್ಲಿ ಕಾರ್ಬನ್ನಿನ ಸುತ್ತ ಜಾಗ ಇದೆ, ಇನ್ನೊಂದು ಅಣು ಹಿಂದಿನಿಂದ ಸುಲಭವಾಗಿ ಬಂದು ತಾಗಬಹುದು.

ತೃತೀಯಕ ಆಲ್ಕೋಹಾಲಿನಿಂದ ಈಥರ್ ಮಾಡಲು ಸಾಧ್ಯವೇ ಇಲ್ಲವೇ?

ಎರಡು ತೃತೀಯಕ ಅಣುಗಳನ್ನು ಜೋಡಿಸುವ ಆಸೆಯನ್ನು ಬಿಡುವುದು ಒಳ್ಳೆಯದು. ಕಾರ್ಬೊಕ್ಯಾಟಯಾನ್ ಸುಲಭವಾಗಿಯೇ ಆಗುತ್ತದೆ. ಆದರೆ ಮೂರು ಮೀಥೈಲ್ ಗುಂಪುಗಳನ್ನು ಹೊತ್ತ ಇನ್ನೊಂದು ದಪ್ಪ ಅಣು ಅದರ ಹತ್ತಿರ ಬರುವುದು ಕಷ್ಟ. ಬಂದು ಸೇರಿದರೂ ಆ ಇಕ್ಕಟ್ಟಿನ ಈಥರ್ ಆಮ್ಲದಲ್ಲಿ ಮತ್ತೆ ಪ್ರೋಟಾನ್ ಹಿಡಿದು ಬಿಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಕ್ಯಾಟಯಾನ್ ಒಂದು ಹೈಡ್ರೋಜನ್ ಕಳೆದುಕೊಂಡು 2-ಮೀಥೈಲ್‌ಪ್ರೊಪೀನ್ ಆಗಿಬಿಡುತ್ತದೆ. ಅದು ಶೂನ್ಯಕ್ಕಿಂತ ಕೆಳಗೆ, ಸುಮಾರು -7 ಡಿಗ್ರಿಯಲ್ಲಿ ಕುದಿಯುವ ವಸ್ತುವಾದ್ದರಿಂದ ಅನಿಲವಾಗಿ ಹೊರಟುಹೋಗುತ್ತದೆ, ಹಿಂದಿರುಗುವ ಪ್ರಶ್ನೆಯೇ ಇಲ್ಲ.

ಒಂದು ಕಡೆ ತೃತೀಯಕ, ಇನ್ನೊಂದು ಕಡೆ ಸಣ್ಣ ಪ್ರಾಥಮಿಕ ಆಲ್ಕೋಹಾಲ್ ಇದ್ದರೆ ಕಥೆ ಬೇರೆ. ಮೆಥನಾಲ್ ಹೇರಳವಾಗಿರುವಾಗ ತೃತೀಯಕ ಬ್ಯೂಟೈಲ್ ಕ್ಯಾಟಯಾನ್ ಅದನ್ನೇ ಹಿಡಿದು ಮೀಥೈಲ್ ತೃತೀಯಕ-ಬ್ಯೂಟೈಲ್ ಈಥರ್ ಆಗುತ್ತದೆ. ಈ ಕ್ರಿಯೆಗೆ ತಾಪಮಾನ ಕಡಿಮೆ ಇರಬೇಕು. ಮೆಥನಾಲಿನಿಂದ ಕ್ಯಾಟಯಾನ್ ಆಗುವುದಿಲ್ಲ, ತೃತೀಯಕ ಅಣುವಿಗೆ ಇನ್ನೊಂದು ತೃತೀಯಕ ಅಣುವನ್ನು ಹಿಡಿಯಲಾಗುವುದಿಲ್ಲ. ಹೀಗಾಗಿ ಮಿಶ್ರ ಈಥರ್ ಒಂದೇ ಉಳಿಯುತ್ತದೆ.

ಎರಡು ಬೇರೆ ಬೇರೆ ಪ್ರಾಥಮಿಕ ಆಲ್ಕೋಹಾಲ್‌ಗಳನ್ನು ಬೆರೆಸಿ ಮಿಶ್ರ ಈಥರ್ ಮಾಡಬಹುದೇ?

ಮಾಡಬಹುದು, ಆದರೆ ಮೂರು ಈಥರ್‌ಗಳ ಮಿಶ್ರಣ ಸಿಗುತ್ತದೆ. ಬೇರ್ಪಡಿಸುವ ಕೆಲಸ ತಯಾರಿಸುವುದಕ್ಕಿಂತ ದೊಡ್ಡದು. ಆಲ್ಕಾಕ್ಸೈಡ್ ಮತ್ತು ಪ್ರಾಥಮಿಕ ಆಲ್ಕೈಲ್ ಹ್ಯಾಲೈಡ್ ಬಳಸುವ ವಿಲಿಯಮ್ಸನ್ ವಿಧಾನವೇ ಅದಕ್ಕೆ ಸರಿಯಾದ ದಾರಿ.

ಮೆಥನಾಲಿನ ನಿರ್ಜಲೀಕರಣದಿಂದ ಯಾವ ಆಲ್ಕೀನ್ ಬರುತ್ತದೆ?

ಯಾವುದೂ ಇಲ್ಲ. ದ್ವಿಬಂಧಕ್ಕೆ ಎರಡು ಕಾರ್ಬನ್ ಬೇಕು. ಸಿಗುವುದು ಡೈಮೀಥೈಲ್ ಈಥರ್.

ಸಲ್ಫ್ಯೂರಿಕ್ ಆಮ್ಲ ಇಲ್ಲದಿದ್ದರೆ ಹೈಡ್ರೋಕ್ಲೋರಿಕ್ ಅಥವಾ ಹೈಡ್ರೋಬ್ರೋಮಿಕ್ ಆಮ್ಲ ಬಳಸಬಹುದೇ?

ಪ್ರೋಟಾನ್ ಕೊಡುವ ಕೆಲಸವನ್ನು ಅವೂ ಮಾಡುತ್ತವೆ, ಆದರೆ ಜೊತೆಗೆ ಬರುವ ಕ್ಲೋರೈಡ್ ಅಥವಾ ಬ್ರೋಮೈಡ್ ಅಯಾನು ಸುಮ್ಮನಿರುವುದಿಲ್ಲ. ಅದು ಕಾರ್ಬನ್ನಿಗೆ ಅಂಟಿಕೊಂಡು ಆಲ್ಕೈಲ್ ಹ್ಯಾಲೈಡ್ ಆಗುತ್ತದೆ. ಸಲ್ಫ್ಯೂರಿಕ್ ಮತ್ತು ಫಾಸ್ಫಾರಿಕ್ ಆಮ್ಲಗಳ ಋಣ ಅಯಾನುಗಳು ಆ ಮಟ್ಟಿಗೆ ನಿರುಪದ್ರವಿಗಳು. ಅವು ಕಾರ್ಬನ್ನಿಗೆ ಸೇರಿದರೂ ಬೇಗ ಬಿಟ್ಟುಹೋಗುತ್ತವೆ.

ದ್ವಿಬಂಧ ಎಲ್ಲಿ ಬರುತ್ತದೆ ಎಂದು ಹೇಗೆ ಊಹಿಸುವುದು? ಕೆಲವೊಮ್ಮೆ ಇಂಗಾಲದ ಸರಪಳಿಯೇ ಬದಲಾಗಿರುತ್ತದಲ್ಲ?

ಸಾಮಾನ್ಯ ನಿಯಮ ಜೈತ್ಸೆವ್‌ನದು, 1875ರದು: ದ್ವಿಬಂಧದ ಕಾರ್ಬನ್‌ಗಳ ಮೇಲೆ ಆಲ್ಕೈಲ್ ಗುಂಪುಗಳು ಹೆಚ್ಚಿರುವ ಆಲ್ಕೀನ್ ಮುಖ್ಯ ಉತ್ಪನ್ನ. 2-ಮೀಥೈಲ್‌ಬ್ಯುಟಾನ್-2-ಆಲ್‌ನಿಂದ 2-ಮೀಥೈಲ್‌ಬ್ಯುಟ್-2-ಈನ್ ಹೆಚ್ಚು, 2-ಮೀಥೈಲ್‌ಬ್ಯುಟ್-1-ಈನ್ ಕಡಿಮೆ.

ಸರಪಳಿ ಬದಲಾಗುವುದು ಕಾರ್ಬೊಕ್ಯಾಟಯಾನ್‌ನ ಚಪಲದಿಂದ. 3,3-ಡೈಮೀಥೈಲ್‌ಬ್ಯುಟಾನ್-2-ಆಲ್ ಇದಕ್ಕೆ ಒಳ್ಳೆಯ ಉದಾಹರಣೆ. ನೀರು ಹೋದಾಗ ಎರಡನೆಯ ಕಾರ್ಬನ್ನಿನ ಮೇಲೆ ದ್ವಿತೀಯಕ ಕ್ಯಾಟಯಾನ್ ಉಂಟಾಗುತ್ತದೆ. ಪಕ್ಕದ ಮೂರನೆಯ ಕಾರ್ಬನ್ನಿನ ಮೇಲೆ ಹೈಡ್ರೋಜನ್ ಒಂದೂ ಇಲ್ಲ, ಆದರೆ ಮೀಥೈಲ್ ಗುಂಪುಗಳಿವೆ. ಅವುಗಳಲ್ಲಿ ಒಂದು ತನ್ನ ಎಲೆಕ್ಟ್ರಾನ್ ಜೋಡಿಯ ಸಮೇತ ಎರಡನೆಯ ಕಾರ್ಬನ್ನಿಗೆ ಜಿಗಿಯುತ್ತದೆ. ಈಗ ಆವೇಶ ಮೂರನೆಯ ಕಾರ್ಬನ್ನಿಗೆ ಸರಿದು ತೃತೀಯಕವಾಗುತ್ತದೆ. ಅಲ್ಲಿಂದ ಹೈಡ್ರೋಜನ್ ಕಳಚಿದಾಗ ಸಿಗುವ ಮುಖ್ಯ ಉತ್ಪನ್ನ 2,3-ಡೈಮೀಥೈಲ್‌ಬ್ಯುಟ್-2-ಈನ್. ನಾವು ನಿರೀಕ್ಷಿಸಿದ್ದ 3,3-ಡೈಮೀಥೈಲ್‌ಬ್ಯುಟ್-1-ಈನ್ ಬಹಳ ಅಲ್ಪ ಪ್ರಮಾಣದಲ್ಲಿ ಮಾತ್ರ ಬರುತ್ತದೆ. ಸರಪಳಿ ಬದಲಾಗಬಾರದು ಎಂದಿದ್ದರೆ ಆಮ್ಲದ ದಾರಿಯನ್ನೇ ಬಿಟ್ಟು, ಪಿರಿಡೀನ್‌ನಲ್ಲಿ ಫಾಸ್ಫರಸ್ ಆಕ್ಸಿಕ್ಲೋರೈಡ್ ಬಳಸುತ್ತಾರೆ. ಅಲ್ಲಿ ಕಾರ್ಬೊಕ್ಯಾಟಯಾನ್ ಉಂಟಾಗುವುದಿಲ್ಲ.

ಬ್ಯುಟಾನ್-1-ಆಲ್‌ನಿಂದ ಬ್ಯುಟ್-1-ಈನ್ ಬದಲು ಬ್ಯುಟ್-2-ಈನ್ ಹೆಚ್ಚು ಬರುವುದಕ್ಕೂ ಇದರ ಸಂಬಂಧವಿದೆ. ಮೊದಲು ಬ್ಯುಟ್-1-ಈನ್ ಆದರೂ, ಬಿಸಿ ಆಮ್ಲದಲ್ಲಿ ಅದು ಮತ್ತೆ ಪ್ರೋಟಾನ್ ಹಿಡಿದು ದ್ವಿತೀಯಕ ಕ್ಯಾಟಯಾನ್ ಆಗಿ, ಬೇರೆ ಕಡೆಯಿಂದ ಹೈಡ್ರೋಜನ್ ಕಳೆದುಕೊಂಡು ಹೆಚ್ಚು ಸ್ಥಿರವಾದ ರೂಪಕ್ಕೆ ಬರಬಲ್ಲದು.

ಪ್ರಯೋಗಾಲಯದಲ್ಲಿ ಇದನ್ನು ನಿಜವಾಗಿ ಮಾಡಿ ನೋಡಲು ಯಾವ ಆಲ್ಕೋಹಾಲ್ ಒಳ್ಳೆಯದು?

ನನ್ನ ಮತ ಸೈಕ್ಲೋಹೆಕ್ಸನಾಲ್‌ಗೆ. ಅದು ದ್ವಿತೀಯಕ, ಹಾಗಾಗಿ ತೀರಾ ಸುಲಭವೂ ಅಲ್ಲ, ತೀರಾ ಹಟಮಾರಿಯೂ ಅಲ್ಲ. ಸಮಮಿತಿಯ ಉಂಗುರವಾದ್ದರಿಂದ ಹೈಡ್ರೋಜನ್ ಯಾವ ಬದಿಯಿಂದ ಹೋದರೂ ಒಂದೇ ಸೈಕ್ಲೋಹೆಕ್ಸೀನ್. ಉತ್ಪನ್ನ ಅನಿಲವಲ್ಲ, ತೂಗಿ ನೋಡಬಹುದಾದ ದ್ರವ. ಎಲ್ಲಕ್ಕಿಂತ ಮುಖ್ಯವಾಗಿ, ಕುದಿಬಿಂದುಗಳ ನಡುವೆ ದೊಡ್ಡ ಅಂತರವಿದೆ: ಸೈಕ್ಲೋಹೆಕ್ಸೀನ್ 83 ಡಿಗ್ರಿ, ಸೈಕ್ಲೋಹೆಕ್ಸನಾಲ್ 161, ಪ್ರತಿಸ್ಪರ್ಧಿಯಾದ ಡೈಸೈಕ್ಲೋಹೆಕ್ಸೈಲ್ ಈಥರ್ ಸುಮಾರು 243. ಬೇಕಾದದ್ದು ಮೇಲೆ ಹೋಗುತ್ತದೆ, ಬೇಡವಾದದ್ದು ಫ್ಲಾಸ್ಕಿನಲ್ಲೇ ಉಳಿಯುತ್ತದೆ.

20 ಗ್ರಾಂ ಸೈಕ್ಲೋಹೆಕ್ಸನಾಲ್ ತೆಗೆದುಕೊಳ್ಳೋಣ. ಅದು ಸುಮಾರು 21 ಮಿಲಿಲೀಟರ್, 0.2 ಮೋಲ್. ಇದು 25 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುವ, ಜಿಗುಟಾದ ದ್ರವ. ಅಳತೆಯ ಸಿಲಿಂಡರಿಗೆ ಅಂಟಿಕೊಂಡು ಉಳಿಯುವುದರಿಂದ ಫ್ಲಾಸ್ಕಿಗೇ ಸುರಿದು ತೂಗುವುದು ಮೇಲು. ದುಂಡುತಳದ ಫ್ಲಾಸ್ಕಿನಲ್ಲಿ ಅದಕ್ಕೆ 5 ಮಿಲಿಲೀಟರ್ ಶೇಕಡ 85ರ ಫಾಸ್ಫಾರಿಕ್ ಆಮ್ಲವನ್ನು ಸೇರಿಸಿ, ಚೆನ್ನಾಗಿ ಕಲಕಿ, ಕುದಿ ಎಗರದಂತೆ ಕೆಲವು ಪಿಂಗಾಣಿ ಚೂರುಗಳನ್ನು ಹಾಕಿ. ಮೇಲೆ ಒಂದು ಸಣ್ಣ ಅಂಶಿಕ ಬಟ್ಟಿ ಸ್ತಂಭ, ಅದರ ತುದಿಯಲ್ಲಿ ತಾಪಮಾಪಕ, ನಂತರ ಕಂಡೆನ್ಸರ್, ಕೊನೆಗೆ ಮಂಜುಗಡ್ಡೆಯಲ್ಲಿ ಕೂರಿಸಿದ ಸಂಗ್ರಾಹಕ.

ನಿಧಾನವಾಗಿ ಕಾಯಿಸಬೇಕು. ತಾಪಮಾಪಕ 71 ಡಿಗ್ರಿಯ ಹತ್ತಿರ ಬಂದು ನಿಲ್ಲುವುದನ್ನು ನೋಡಿ ಗಾಬರಿಯಾಗಬೇಡಿ. ಸೈಕ್ಲೋಹೆಕ್ಸೀನ್ ಮತ್ತು ನೀರು ಒಟ್ಟಿಗೆ ಕುದಿಯುವ ತಾಪಮಾನ ಅದು. ಆ ಆವಿಯಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇಕಡ 90 ಸೈಕ್ಲೋಹೆಕ್ಸೀನ್ ಇರುತ್ತದೆ. ಆದರೆ ತಾಪಮಾಪಕ 90 ದಾಟಲು ಬಿಡಬಾರದು. ಸೈಕ್ಲೋಹೆಕ್ಸನಾಲ್ ಮತ್ತು ನೀರಿನ ಜೋಡಿ ಸುಮಾರು 98 ಡಿಗ್ರಿಯಲ್ಲಿ ಬಟ್ಟಿ ಇಳಿಯುತ್ತದೆ. ಅವಸರ ಮಾಡಿ ಕಾಯಿಸಿದರೆ ಕ್ರಿಯೆ ಮುಗಿಯದ ಆಲ್ಕೋಹಾಲ್ ನೀರಿನ ಬೆನ್ನೇರಿ ಸಂಗ್ರಾಹಕಕ್ಕೆ ಬಂದುಬಿಡುತ್ತದೆ. ಫ್ಲಾಸ್ಕಿನಲ್ಲಿ ಸ್ವಲ್ಪವೇ ದ್ರವ ಉಳಿದು ಬಿಳಿ ಹೊಗೆ ಕಾಣಿಸಿಕೊಂಡಾಗ ನಿಲ್ಲಿಸಬೇಕು. ಪೂರ್ತಿ ಒಣಗಿಸಬಾರದು.

ಸಂಗ್ರಾಹಕದಲ್ಲಿ ಎರಡು ಪದರಗಳಿರುತ್ತವೆ. ಸೈಕ್ಲೋಹೆಕ್ಸೀನಿನ ಸಾಂದ್ರತೆ 0.81, ಆದ್ದರಿಂದ ಅದು ಮೇಲೆ. ಬೇರ್ಪಡಿಸುವ ಆಲಿಕೆಯಲ್ಲಿ ಮೊದಲು ಪರ್ಯಾಪ್ತ ಉಪ್ಪುನೀರಿನಿಂದ, ನಂತರ ಸೋಡಿಯಂ ಕಾರ್ಬೊನೇಟ್ ದ್ರಾವಣದಿಂದ ತೊಳೆಯಬೇಕು. ಕಾರ್ಬೊನೇಟ್ ಸೇರಿಸಿದಾಗ ಅನಿಲ ಏಳುವುದರಿಂದ ಆಲಿಕೆಯ ಒತ್ತಡವನ್ನು ಆಗಾಗ ಬಿಡುತ್ತಿರಬೇಕು. ಆಮೇಲೆ ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್. ಇಲ್ಲಿ ಅದನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ: ಅದು ನೀರನ್ನಷ್ಟೇ ಅಲ್ಲ, ಉಳಿದ ಆಲ್ಕೋಹಾಲನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಸುಕಾಗಿದ್ದ ದ್ರವ ತಿಳಿಯಾದ ಮೇಲೆ ಸೋಸಿ, ಒಣಗಿದ ಉಪಕರಣದಲ್ಲಿ ಮತ್ತೊಮ್ಮೆ ಬಟ್ಟಿ ಇಳಿಸಿ, 81ರಿಂದ 83 ಡಿಗ್ರಿಯ ನಡುವೆ ಬರುವುದನ್ನು ಹಿಡಿಯಬೇಕು. ಸೋಸದೆ ಕ್ಲೋರೈಡಿನ ಸಮೇತ ಕಾಯಿಸಿದರೆ ಅದು ಹಿಡಿದಿದ್ದ ನೀರನ್ನು ಮರಳಿ ಬಿಡುತ್ತದೆ. ಮಾಡಿದ ಕೆಲಸ ವ್ಯರ್ಥ.

0.2 ಮೋಲ್‌ಗೆ ಲೆಕ್ಕದ ಪ್ರಕಾರ 16.4 ಗ್ರಾಂ ಸಿಗಬೇಕು. 12 ಗ್ರಾಂ ಕೈಗೆ ಬಂದರೆ ಶೇಕಡ 73. ಅದು ತಲೆ ತಗ್ಗಿಸಬೇಕಾದ ಫಲಿತಾಂಶವಲ್ಲ.

ಉಳಿದ ನಾಲ್ಕು ಗ್ರಾಂ ಎಲ್ಲಿ ಹೋಯಿತು? ಈಥರ್ ಆಯಿತೇ?

ಸ್ವಲ್ಪ ಆಗಿರಬಹುದು, ಆದರೆ ಇಲ್ಲಿ ಈಥರನ್ನು ಮೊದಲ ಆರೋಪಿಯಾಗಿ ನಿಲ್ಲಿಸುವುದು ಅನ್ಯಾಯ. ಈ ಕ್ರಿಯೆಯ ಪ್ರತಿ ಹೆಜ್ಜೆಯೂ ಹಿಂದಕ್ಕೂ ನಡೆಯಬಲ್ಲದು. ಡೈಸೈಕ್ಲೋಹೆಕ್ಸೈಲ್ ಈಥರ್ ಉಂಟಾದರೂ ಅದು ಬಿಸಿ ಆಮ್ಲದಲ್ಲೇ ಕುಳಿತಿರುತ್ತದೆ. ಪ್ರೋಟಾನ್ ಹಿಡಿದು, ಒಂದು ಸೈಕ್ಲೋಹೆಕ್ಸನಾಲ್ ಅಣುವನ್ನು ಬಿಟ್ಟು, ಮತ್ತೆ ಕ್ಯಾಟಯಾನ್ ಆಗಬಹುದು. ಅತ್ತ ಸೈಕ್ಲೋಹೆಕ್ಸೀನ್ ಮತ್ತು ನೀರು ಎರಡೂ ಬಟ್ಟಿ ಇಳಿದು ಫ್ಲಾಸ್ಕಿನಿಂದ ಹೊರಹೋಗುತ್ತಲೇ ಇರುವುದರಿಂದ ಸಮತೋಲನ ಅವುಗಳ ಕಡೆಗೆ ಎಳೆಯಲ್ಪಡುತ್ತದೆ. ಆಗಿದ್ದ ಈಥರಿನ ಬಹುಪಾಲು ಹೀಗೆ ಕರಗುತ್ತಾ ಆಲ್ಕೀನಾಗುತ್ತದೆ. ಎಥನಾಲಿನ ವಿಷಯದಲ್ಲಿ ಈ ಅನುಕೂಲ ಇಲ್ಲ ಎಂಬುದನ್ನು ಗಮನಿಸಿ. ಡೈಎಥಿಲ್ ಈಥರಿನ ಕುದಿಬಿಂದು 35 ಡಿಗ್ರಿಗೂ ಸ್ವಲ್ಪ ಕಡಿಮೆ; ಅದು ಆದ ಕೂಡಲೇ ಆವಿಯಾಗಿ ತಪ್ಪಿಸಿಕೊಳ್ಳುತ್ತದೆ, ಆಲ್ಕೀನಾಗುವ ಅವಕಾಶ ಅದಕ್ಕೆ ಸಿಗುವುದೇ ಇಲ್ಲ.

ನಷ್ಟದ ಬಹುಪಾಲು ಸಾಮಾನ್ಯ ಕಾರಣಗಳಿಂದ. ಸ್ತಂಭದ ಒಳಗೋಡೆಗೆ ಅಂಟಿದ್ದು, ತೊಳೆಯುವಾಗ ಹೋದದ್ದು, ಕ್ಯಾಲ್ಸಿಯಂ ಕ್ಲೋರೈಡನ್ನು ನೆನೆಸಿದ್ದು, ಎರಡನೆಯ ಬಟ್ಟಿಯಲ್ಲಿ ಫ್ಲಾಸ್ಕಿನ ತಳದಲ್ಲಿ ಬಿಟ್ಟದ್ದು. ಮಂಜುಗಡ್ಡೆ ಇಲ್ಲದಿದ್ದರೆ ಆವಿಯಾಗಿ ಹೋದದ್ದೂ ಸೇರುತ್ತದೆ.

ಫಾಸ್ಫಾರಿಕ್ ಬದಲು ಸಲ್ಫ್ಯೂರಿಕ್ ಆಮ್ಲ ಹಾಕಿದೆ. ಎಲ್ಲ ಕಪ್ಪಾಯಿತು, ಮೂಗು ಸುಡುವ ವಾಸನೆ ಬಂತು. ಏಕೆ?

ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಬಿಸಿಯಾದಾಗ ಉತ್ಕರ್ಷಣಕಾರಿಯೂ ಹೌದು. ಅದು ಸಾವಯವ ವಸ್ತುವನ್ನು ಇಂಗಾಲದವರೆಗೆ ಕರಟಿಸುತ್ತದೆ, ತಾನು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಮೂಗಿಗೆ ತಾಕಿದ್ದು ಅದೇ. ಜೊತೆಗೆ ಕ್ಯಾಟಯಾನ್ ಈಗಾಗಲೇ ಆಗಿರುವ ಆಲ್ಕೀನಿನ ದ್ವಿಬಂಧಕ್ಕೆ ಹೋಗಿ ಸೇರಿ, ಅದು ಇನ್ನೊಂದಕ್ಕೆ ಸೇರಿ, ಟಾರಿನಂಥ ಬಹ್ವಂಗಿಗಳು ಬೆಳೆಯುತ್ತವೆ. ಫಾಸ್ಫಾರಿಕ್ ಆಮ್ಲ ಇಷ್ಟು ಒರಟಲ್ಲ. ಕೆಲಸ ನಿಧಾನ, ಆದರೆ ಶುಚಿ. ಸಲ್ಫ್ಯೂರಿಕ್ ಆಮ್ಲವನ್ನೇ ಬಳಸಬೇಕಾಗಿ ಬಂದರೆ ತಣ್ಣಗಿರುವ ಆಲ್ಕೋಹಾಲಿಗೆ ಹನಿಹನಿಯಾಗಿ ಸೇರಿಸಿ, ಪ್ರತಿ ಬಾರಿಯೂ ಕಲಕಬೇಕು. ತಳದಲ್ಲಿ ಆಮ್ಲದ ಪದರ ಬೇರೆಯಾಗಿ ನಿಂತಿರುವಾಗ ಕಾಯಿಸಿದರೆ ಕರಟುವುದು ಅಲ್ಲಿಂದಲೇ ಶುರುವಾಗುತ್ತದೆ.

ಎಥನಾಲಿನಿಂದ ಬಂದ ಅನಿಲ ಬ್ರೋಮಿನ್ ನೀರಿನ ಬಣ್ಣ ಕಳೆಯಿತು. ಎಥೀನ್ ಎಂದು ಬರೆದುಬಿಡಬಹುದೇ?

ಅನಿಲವನ್ನು ಮೊದಲು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಮೂಲಕ ಹಾಯಿಸಿದ್ದೀರಾ ಎಂಬುದರ ಮೇಲೆ ಉತ್ತರ ನಿಂತಿದೆ. ಮೇಲೆ ಹೇಳಿದ ಸಲ್ಫರ್ ಡೈಆಕ್ಸೈಡ್ ಕೂಡ ಬ್ರೋಮಿನ್ ನೀರಿನ ಬಣ್ಣವನ್ನು, ಪರ್ಮ್ಯಾಂಗನೇಟಿನ ನೇರಳೆಯನ್ನು ಅಷ್ಟೇ ಚೆನ್ನಾಗಿ ಕಳೆಯುತ್ತದೆ. ಎಥೀನ್ ಒಂದು ಗುಳ್ಳೆಯೂ ಇಲ್ಲದೆ ಪರೀಕ್ಷೆ "ಯಶಸ್ವಿ"ಯಾಗಬಹುದು. ಹೈಡ್ರಾಕ್ಸೈಡ್ ದ್ರಾವಣ ಸಲ್ಫರ್ ಡೈಆಕ್ಸೈಡನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹಿಡಿದುಕೊಳ್ಳುತ್ತದೆ, ಎಥೀನನ್ನು ಬಿಟ್ಟುಬಿಡುತ್ತದೆ. ಅದರಾಚೆಗೆ ಬಣ್ಣ ಹೋದರೆ ಮಾತ್ರ ಆ ಸಾಕ್ಷ್ಯಕ್ಕೆ ಬೆಲೆ.

ಸೈಕ್ಲೋಹೆಕ್ಸೀನ್‌ಗೂ ಇಂಥದೇ ಒಂದು ಎಚ್ಚರ ಬೇಕು. ಉಳಿದಿರುವ ಸೈಕ್ಲೋಹೆಕ್ಸನಾಲ್ ಕೂಡ ಪರ್ಮ್ಯಾಂಗನೇಟನ್ನು ನಿಧಾನವಾಗಿ ಅಪಕರ್ಷಿಸಬಲ್ಲದು. ಬ್ರೋಮಿನ್ ಪರೀಕ್ಷೆ ಇದಕ್ಕಿಂತ ನಂಬಿಕೆಗೆ ಅರ್ಹ, ಕುದಿಬಿಂದು ಅದಕ್ಕಿಂತಲೂ. ಎರಡನೆಯ ಬಟ್ಟಿಯಲ್ಲಿ ತಾಪಮಾಪಕ 71ರ ಬಳಿ ತಡೆದು ನಿಂತರೆ ನೀರು ಸರಿಯಾಗಿ ಹೋಗಿಲ್ಲ ಎಂದರ್ಥ, ಮತ್ತೆ ಒಣಗಿಸಬೇಕು.

ದ್ರವ ಆಮ್ಲವೇ ಇಲ್ಲದೆ ಮಾಡಬಹುದೇ?

ಹೌದು. ಎಥನಾಲ್ ಆವಿಯನ್ನು ಬಿಸಿ ಅಲ್ಯೂಮಿನಾದ ಮೇಲೆ ಹಾಯಿಸುತ್ತಾರೆ. ಅಲ್ಲೂ ಅದೇ ಪೈಪೋಟಿ: 250 ಡಿಗ್ರಿಯ ಸುಮಾರಿಗೆ ಈಥರ್, 350ರ ಸುಮಾರಿಗೆ ಎಥೀನ್. ಕರಟುವಿಕೆಯೂ ಇಲ್ಲ, ಸಲ್ಫರ್ ಡೈಆಕ್ಸೈಡೂ ಇಲ್ಲ.

ಈಥರ್ ಬೇಡದಿದ್ದರೂ ಬಂದುಬಿಟ್ಟಿತು. ಅದರಿಂದ ಅಪಾಯವಿದೆಯೇ?

ಇದೆ. ಡೈಎಥಿಲ್ ಈಥರಿನ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹರಿದು ದೂರದ ಜ್ವಾಲೆಯನ್ನು ತಲುಪುತ್ತದೆ. ಜ್ವಾಲೆ ಇಲ್ಲದಿದ್ದರೂ ಚೆನ್ನಾಗಿ ಕಾದ ಬಿಸಿ ತಟ್ಟೆ ಅದನ್ನು ಹೊತ್ತಿಸಲು ಸಾಕು. ಗಾಳಿ ಮತ್ತು ಬೆಳಕಿನಲ್ಲಿ ಬಹುಕಾಲ ಇಟ್ಟರೆ ಅದರಲ್ಲಿ ಸ್ಫೋಟಕ ಪೆರಾಕ್ಸೈಡ್‌ಗಳು ಸೇರಿಕೊಳ್ಳುತ್ತವೆ. ಸೈಕ್ಲೋಹೆಕ್ಸೀನಿಗೂ ಈ ದುರ್ಗುಣ ಇದೆ. ಆದ್ದರಿಂದ ಹಳೆಯ ಸೀಸೆಯ ಈಥರನ್ನಾಗಲಿ ಸೈಕ್ಲೋಹೆಕ್ಸೀನನ್ನಾಗಲಿ ಬಟ್ಟಿ ಇಳಿಸುವ ಮೊದಲು, ಸ್ವಲ್ಪವನ್ನು ಆಮ್ಲೀಯ ಪೊಟ್ಯಾಸಿಯಂ ಅಯೋಡೈಡ್ ದ್ರಾವಣದೊಂದಿಗೆ ಕುಲುಕಿ ನೋಡಬೇಕು. ಹಳದಿ ಅಥವಾ ಕಂದು ಬಣ್ಣ ಬಂದರೆ ಪೆರಾಕ್ಸೈಡ್ ಇದೆ, ಅದನ್ನು ಕಾಯಿಸಕೂಡದು.